ಬ್ಲರ್‌ಗೆ ದಿಕ್ಕು ಎಲ್ಲಿಂದ ಬರ್ತದ?

ಭಾಗ 1/9

ದೋಸ್ತರ, ಹೋದ ಸಲ ನೆರಳಿನ ಬಗ್ಗೆ ಬರೆದಿದ್ದೆ. ಈ ಸಲ ಬ್ಲರ್. ಆದರೆ ಎಲ್ಲ ಬ್ಲರ್ ಅಲ್ಲ. ಒಂದು ಬೀದಿಯ ಫೋಟೋದೊಳಗ ಬೇರೆ ಫೋಟೋದಿಂದ ಕತ್ತರಿಸಿದ ಸೈಕಲ್ಲೋ ಗಾಡಿಯೋ ಇಟ್ಟಾಗ, ಅದು ಆ ಬೀದಿಯಲ್ಲೇ ಓಡಾಕತ್ತದ ಅನ್ನೋ ಹಂಗ ಕಾಣಿಸೋ ಬ್ಲರ್.

ಮೊದಲು ಒಂದು ಮಾತು ತಲೆಯಲ್ಲಿ ಕೂರಬೇಕು. ಮೋಷನ್ ಬ್ಲರ್ ಅಂದರೆ ಅಲಂಕಾರ ಅಲ್ಲ, ಅದೊಂದು ಲೆಕ್ಕದ ಚೀಟಿ. ಕ್ಯಾಮೆರಾದ ಕಣ್ಣು ತೆರೆದಿದ್ದ ಅಷ್ಟು ಹೊತ್ತಿನಲ್ಲಿ ಗಾಡಿ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನೋದನ್ನ ಫೋಟೋ ಬರೆದಿಟ್ಟುಕೊಳ್ತದೆ. ಆ ಗೆರೆಯ ಉದ್ದ ವೇಗ ಹೇಳ್ತದೆ, ಓರೆ ರಸ್ತೆ ಹೇಳ್ತದೆ. ಅಂದಮೇಲೆ ಉದ್ದವನ್ನೂ ಓರೆಯನ್ನೂ ನಾವು ಸ್ಲೈಡರ್ ಎಳೆದು "ಚೆಂದ ಕಾಣ್ತದ" ಅಂತ ಆರಿಸೋ ಹಂಗಿಲ್ಲ. ಎರಡೂ ಆ ಬೀದಿಯ ಫೋಟೋದಲ್ಲೇ ಇರ್ತಾವೆ, ಹುಡುಕಿ ತೆಗೀಬೇಕು.

ನೋಡುವವರಿಗೆ ಈ ಲೆಕ್ಕ ಗೊತ್ತಿರೋದಿಲ್ಲ. ಆದರೂ ತಪ್ಪಿದ್ದರೆ ಅವರ ಕಣ್ಣು ಹಿಡೀತದೆ. "ಏನೋ ಅಂಟಿಸಿದಂಗ ಐತಿ" ಅಂತಾರೆ, ಏನು ಅಂತ ಹೇಳಾಕ ಬರಂಗಿಲ್ಲ, ಅಷ್ಟೇ. ನಾವು ಹುಟ್ಟಿದಾಗಿನಿಂದ ರಸ್ತೆ ನೋಡಿದವರು. ಗಾಡಿ ಯಾವ ಕಡೆ ಓಡ್ತದೆ ಅನ್ನೋದು ಕಣ್ಣಿಗೆ ಬಾಯಿಪಾಠ.

ಈ ಸರಣಿಯಲ್ಲಿ ಒಂದೇ ಒಂದು ಫೋಟೋ ತಗೊಂಡು ಪೂರ್ತಿ ಮಾಡಿ ತೋರಿಸ್ತೀನಿ. ಕೊಪ್ಪಳದ್ದು. ಮೂವತ್ತು ವರ್ಷ ಸೈಕಲ್ ಮೇಲೆ ಹಾಲು ಹಾಕಿದ ಒಬ್ಬರದು.

ಭಾಗ 2/9

ಅವರು ನಮ್ಮ ಓಣಿಯವರು, ತೀರಿಕೊಂಡು ವರ್ಷ ಆಗ್ತಾ ಬಂತು. ಅವರ ಮನೆಯ ಆಯಿ ನನಗೆ ಎರಡು ಫೋಟೋದ ಕೆಲಸ ಕೊಟ್ಟರು. ಒಂದು, ಮಗ ಹೊಲದ ದಾರಿಯಲ್ಲಿ ಬಿಸಿಲು ಏರಿದ ಮೇಲೆ ತೆಗೆದದ್ದು: ಅಜ್ಜ ಸೈಕಲ್ ತುಳೀತಾ ಎದುರಿಗೆ ಬರ್ತಿದ್ದಾರೆ, ಹಿಂದೆ ಎರಡೂ ಪಕ್ಕ ಹಾಲಿನ ಕ್ಯಾನು. ಇನ್ನೊಂದು, ಮುಂಜಾನೆ ಹೊತ್ತು ಮೂಡೋಕಿಂತ ಮುಂಚೆ ಜವಾಹರ ರಸ್ತೆಯಲ್ಲಿ ನಾನು ತೆಗೆದ ಬೀದಿಯ ಫೋಟೋ. ಮೊದಲನೆಯದನ್ನ ಎರಡನೆಯದರಲ್ಲಿ ಕೂಡಿಸಬೇಕು.

ಆಯಿ ಹೇಳಿದ್ದು ಎರಡೇ ಮಾತು. "ತಮ್ಮಾ, ನಿಂತಂಗ ಕಾಣಬಾರದು. ಆದ್ರ ಮಾರಿ ಕಾಣಬೇಕ ನೋಡಪಾ."

ಈ ಎರಡು ಮಾತು ಒಂದಕ್ಕೊಂದು ಜಗಳ ಆಡ್ತಾವೆ. ಓಡೋದು ಕಾಣಬೇಕು ಅಂದರೆ ಬ್ಲರ್ ಬೇಕು, ಬ್ಲರ್ ಹಾಕಿದರೆ ಮಾರಿ ಅಳಿಸಿ ಹೋಗ್ತದೆ. ಈ ಜಗಳ ಹೆಂಗ ಬಗೆಹರೀತು ಅನ್ನೋದೇ ಮುಂದಿನ ಭಾಗಗಳು.

ಮೊದಲು, ಬ್ಲರ್ ಯಾಕೆ ಬೇಕೇ ಬೇಕು ಅಂತ ನೋಡೋಣ. ಬಿಸಿಲಿನ ಫೋಟೋದ ಮಾಹಿತಿ ತೆಗೆದು ನೋಡಿದರೆ ಶಟರ್ ವೇಗ 1/1000 ಸೆಕೆಂಡ್. ಸೈಕಲ್ ಗಂಟೆಗೆ 12 ಕಿ.ಮೀ. ಅಂತ ಇಟ್ಟುಕೊಳ್ಳಿ, ಅಂದರೆ ಸೆಕೆಂಡಿಗೆ ಸುಮಾರು 3.3 ಮೀಟರ್. 1/1000 ಸೆಕೆಂಡಿನಲ್ಲಿ ಅದು ಸರಿಯೋದು 3 ಮಿಲಿಮೀಟರ್ ಅಷ್ಟೇ. ಅದಕ್ಕೇ ಒಂದೊಂದು ಕಡ್ಡಿನೂ ಎಣಿಸಬಹುದು.

ಬೀದಿಯ ಫೋಟೋದ್ದು 1/30 ಸೆಕೆಂಡ್. ಮುಂಜಾನೆ ಬೆಳಕು ಕಡಿಮೆ, ಫೋನ್ ಕಣ್ಣು ಹೆಚ್ಚು ಹೊತ್ತು ತೆರೆದಿತ್ತು. ಅದೇ ಸೈಕಲ್ ಆ ಹೊತ್ತಿನಲ್ಲಿ ಅಲ್ಲಿ ಹೋಗಿದ್ದರೆ 11 ಸೆಂ.ಮೀ. ಸರೀತಿತ್ತು. ಆ ಫೋಟೋದಲ್ಲಿ ಬರ್ತಿರೋ ಆಟೋ ಮಸುಕಾಗಿದೆ. ಅದರ ಪಕ್ಕ ಕಡ್ಡಿ ಎಣಿಸೋ ಹಂಗಿರೋ ಸೈಕಲ್ ಇಟ್ಟರೆ, ಅದು ಓಡ್ತಿಲ್ಲ, ಯಾರೋ ಹಿಡಿದು ನಿಲ್ಲಿಸಿದ್ದಾರೆ ಅನ್ನಿಸ್ತದೆ.

ಭಾಗ 3/9

ಉದ್ದದ ಲೆಕ್ಕ ಇಷ್ಟೇ: ವೇಗ × ಶಟರ್ ತೆರೆದ ಹೊತ್ತು. ಆದರೆ ಒಂದೇ ಫೋಟೋದಲ್ಲಿ ಎಲ್ಲಕ್ಕೂ ಒಂದೇ ಬ್ಲರ್ ಹಾಕೋ ಚಾಳಿ ಬಹಳ ಮಂದಿಗಿದೆ. ನಮ್ಮ ಜಿಲ್ಲೆಯ ರಸ್ತೆಗಳನ್ನೇ ತಗೊಳ್ರಿ, ಶಟರ್ 1/30 ಅಂತಲೇ ಇಟ್ಟುಕೊಳ್ಳೋಣ.

ಕುಷ್ಟಗಿಯಲ್ಲಿ ರಾಷ್ಟ್ರೀಯ ಹೆದ್ದಾರಿ 50ರ ಮೇಲೆ 60 ಕಿ.ಮೀ. ವೇಗದ ಲಾರಿ ಅಷ್ಟು ಹೊತ್ತಿನಲ್ಲಿ ಅರ್ಧ ಮೀಟರಿಗಿಂತ ಹೆಚ್ಚು, ಸುಮಾರು 55 ಸೆಂ.ಮೀ. ಹೋಗ್ತದೆ. ಗಂಗಾವತಿಯಲ್ಲಿ ಭತ್ತದ ಚೀಲ ಹೇರಿಕೊಂಡು ಮಿಲ್ಲಿಗೆ ಹೋಗೋ ಟ್ರ್ಯಾಕ್ಟರ್ 20 ಕಿ.ಮೀ. ವೇಗದಲ್ಲಿದ್ದರೆ 18 ಸೆಂ.ಮೀ. ಯಲಬುರ್ಗಾದ ಹೊಲದ ದಾರಿಯಲ್ಲಿ 4 ಕಿ.ಮೀ. ವೇಗದ ಚಕ್ಕಡಿ 4 ಸೆಂ.ಮೀ. ಒಳಗೇ. ಅಂದರೆ ಚಕ್ಕಡಿಗೆ ಲಾರಿಯ ಬ್ಲರ್ ಹಾಕಿದರೆ ಎತ್ತುಗಳು ಕುದುರೆ ಆಗಿಬಿಡ್ತಾವೆ. ಲಾರಿಗೆ ಚಕ್ಕಡಿಯ ಬ್ಲರ್ ಹಾಕಿದರೆ ಅದು ಪಂಕ್ಚರ್ ಆಗಿ ನಿಂತಂಗ ಕಾಣ್ತದೆ.

ಸೆಂ.ಮೀ. ಲೆಕ್ಕವನ್ನ ಪಿಕ್ಸೆಲ್‌ಗೆ ತಿರುಗಿಸೋದು ಹೆಂಗ? ಗಾಡಿ ನಿಮ್ಮ ಮುಂದೆ ಎಡದಿಂದ ಬಲಕ್ಕೆ ಅಡ್ಡ ಹೋಗ್ತಿದ್ದರೆ ಸುಲಭ. ನಿಮಗೆ ಅಳತೆ ಗೊತ್ತಿರೋ ಒಂದು ವಸ್ತು ಹಿಡೀರಿ. ಹಳೆಯ ದೊಡ್ಡ ಸೈಕಲ್ಲಿನ 28 ಇಂಚಿನ ಗಾಲಿ ಟೈರ್ ಸೇರಿ ಸುಮಾರು 71 ಸೆಂ.ಮೀ. ಎತ್ತರ. ಫೋಟೋದಲ್ಲಿ ಆ ಗಾಲಿ 340 ಪಿಕ್ಸೆಲ್ ಇದ್ದರೆ ಒಂದು ಸೆಂ.ಮೀ.ಗೆ ಹತ್ತಿರ ಹತ್ತಿರ 5 ಪಿಕ್ಸೆಲ್. ಹಾಗಾದರೆ 11 ಸೆಂ.ಮೀ. ಅಂದರೆ 53 ಪಿಕ್ಸೆಲ್ ಬ್ಲರ್.

ಈಗ ಜಗಳ ನೋಡ್ರಿ. ಅಜ್ಜನ ಮಾರಿಯ ಅಗಲ 15 ಸೆಂ.ಮೀ., ಅಂದರೆ ಆ ಅಳತೆಯಲ್ಲಿ 70 ಪಿಕ್ಸೆಲ್ ಚಿಲ್ಲರೆ. ಅದರ ಮೇಲೆ 53 ಪಿಕ್ಸೆಲ್ ಬ್ಲರ್ ಎಳೆದರೆ ಕಣ್ಣು ಕಿವಿಗೆ ಹೋಗ್ತದೆ, ಕಿವಿ ಗೋಡೆಗೆ ಹೋಗ್ತದೆ. ಮಾರಿ ಉಳಿಯಂಗಿಲ್ಲ.

ಆನ್ರಿ ಕಾರ್ತಿಯೆ-ಬ್ರೆಸ್ಸೋಂ 1932ರಲ್ಲಿ ಫ್ರಾನ್ಸಿನ ಯೇರ್ ಊರಲ್ಲಿ ತೆಗೆದ ಸೈಕಲ್ಲಿನ ಫೋಟೋ ಹುಡುಕಿ ನೋಡ್ರಿ. ಮೆಟ್ಟಿಲು, ಕಂಬಿ ಚೂಪಾಗಿವೆ, ಅಡ್ಡ ಹೋಗ್ತಿರೋ ಸೈಕಲ್ ಸವಾರ ಮಸುಕು. ಅವನು ಯಾರು ಅಂತ ಗುರುತು ಹಿಡಿಯೋಕೆ ಆಗಲ್ಲ, ಅಲ್ಲಿ ಅದು ಬೇಕಾಗಿಯೂ ಇಲ್ಲ. ಆಯಿಗೆ ಬೇಕಾಗಿತ್ತು.

ಭಾಗ 4/9

ಈಗ ದಿಕ್ಕು. ಇಲ್ಲಿ ಒಂದು ಗುಟ್ಟಿದೆ: ಬ್ಲರ್‌ಗೆ ಮುಂದು ಹಿಂದು ಅನ್ನೋದು ಇಲ್ಲ.

ಎಡದಿಂದ ಬಲಕ್ಕೆ ಹೋದರೂ, ಬಲದಿಂದ ಎಡಕ್ಕೆ ಹೋದರೂ ಬೀಳೋ ಗೆರೆ ಒಂದೇ. ಗೆರೆ ಬರೀ ದಾರಿಯನ್ನ ಹೇಳ್ತದೆ, ಯಾವ ತುದಿಯಿಂದ ಯಾವ ತುದಿಗೆ ಅಂತ ಹೇಳಂಗಿಲ್ಲ. ಅದಕ್ಕೇ ಸೈಕಲ್ಲಿನ ಹಿಂದೆ ಮಾತ್ರ ಬಾಲದಂಗ ಗೆರೆ ಎಳೆಯೋದು ಕಾಮಿಕ್ ಪುಸ್ತಕದ ರೂಢಿ. ನಿಜವಾದ ಫೋಟೋದಲ್ಲಿ ಮುಂದಿನ ಅಂಚೂ ಹಿಂದಿನ ಅಂಚೂ ಒಂದೇ ಸಮ ಮಸುಕಾಗ್ತಾವೆ. ಕತ್ತಲಲ್ಲಿ ಫ್ಲ್ಯಾಶ್ ಹೊಡೆದಾಗ ಮಾತ್ರ ಒಂದು ಕಡೆ ಚೂಪು, ಒಂದು ಕಡೆ ಬಾಲ ಬರಬಹುದು. ಮುಂಜಾನೆಯ ಬೀದಿಯಲ್ಲಿ ಫ್ಲ್ಯಾಶ್ ಎಲ್ಲಿಂದ ಬಂತು?

ಹಾಗಾದರೆ ಗಾಡಿ ಯಾವ ಕಡೆ ಹೋಗ್ತಿದೆ ಅಂತ ಹೇಳೋದು ಏನು? ರಸ್ತೆಯ ಯಾವ ಪಕ್ಕದಲ್ಲಿದೆ ಅನ್ನೋದು. ನಮ್ಮಲ್ಲಿ ಎಡಗಡೆ ಓಡಿಸೋ ನಿಯಮ. ರಸ್ತೆ ನೋಡ್ತಾ ನಿಂತರೆ ನಮ್ಮಿಂದ ದೂರ ಹೋಗೋವು ಫೋಟೋದ ಎಡಗಡೆ, ನಮ್ಮ ಕಡೆ ಬರೋವು ಬಲಗಡೆ. ಎದುರಿಗೆ ಬರೋ ಸೈಕಲ್ಲನ್ನ ಎಡಗಡೆ ಇಟ್ಟರೆ, ಬ್ಲರ್ ಎಷ್ಟೇ ಸರಿ ಇರಲಿ, ಅಜ್ಜ ರಾಂಗ್ ಸೈಡ್ ಬಂದಂಗ ಆಗ್ತದೆ.

ಆಗ ಕೈ Flip Horizontal ಕಡೆ ಹೋಗ್ತದೆ. ತಡೀರಿ. ಸೈಕಲ್ಲಿನ ಚೈನ್ ಸವಾರನ ಬಲಗಾಲಿನ ಪಕ್ಕ ಇರ್ತದೆ. ಫ್ಲಿಪ್ ಮಾಡಿದರೆ ಎಡಕ್ಕೆ ಹೋಗ್ತದೆ. ಬೈಕ್ ಆದರೆ ಸೀರೆ ಗಾರ್ಡ್ ಬಲಕ್ಕೆ ಬರ್ತದೆ, ನಂಬರ್ ಪ್ಲೇಟಿನ KA 37 ಕನ್ನಡಿಯಲ್ಲಿ ನೋಡಿದಂಗ ಉಲ್ಟಾ ಆಗ್ತದೆ. ಸೈಕಲ್ ಅಂಗಡಿಯವರು ಒಂದು ಸೆಕೆಂಡಿನಲ್ಲಿ ಹಿಡೀತಾರೆ.

ನಾನು ಆಯಿಗೆ ಕೇಳಿದೆ, "ಆಯಿ, ಅಜ್ಜ ಹೋಗೂದ ಬೇಕೋ, ಬರೂದ ಬೇಕೋ?" ಆಯಿ ಅಂದರು, "ಬರೂದ ಇಡಪಾ. ಹೋಗೂವಾಗ ನಾ ಮಕ್ಕೊಂಡಿರತಿದ್ನಿ. ಬರೂದ ನಾ ನೋಡಿದ್ದು."

ಹೀಗೆ ದಿಕ್ಕು ತೀರ್ಮಾನ ಆಯ್ತು: ನಮ್ಮ ಕಡೆ ಬರೋದು, ಫೋಟೋದ ಬಲಗಡೆ. ಹೊಲದ ಫೋಟೋದಲ್ಲೂ ಅಜ್ಜ ಎದುರಿಗೇ ಬರ್ತಿದ್ದರು, ಬಲಗಾಲಿನ ಪಕ್ಕ ಸ್ವಲ್ಪ ಕಾಣ್ತಿತ್ತು. ಫ್ಲಿಪ್ ಬೇಕಾಗಲಿಲ್ಲ.

ಭಾಗ 5/9

ಎದುರಿಗೆ ಬರೋ ಗಾಡಿಯ ಬ್ಲರ್ ಯಾವ ಕಡೆ ಹೋಗಬೇಕು? ಅಡ್ಡಲ್ಲ, ಉದ್ದಲ್ಲ. ಅದಕ್ಕೆ ವ್ಯಾನಿಶಿಂಗ್ ಪಾಯಿಂಟ್ ಬೇಕು. ನಾನಿಲ್ಲಿ ಕೂಡುಬಿಂದು ಅಂತೀನಿ.

ರೈಲು ಹಳಿ ದೂರದಲ್ಲಿ ಒಂದಾದಂಗ ಕಾಣ್ತಾವಲ್ಲ, ಅದೇ. ಬೀದಿಯ ಫೋಟೋದ ಮೇಲೆ ಒಂದು ಖಾಲಿ ಲೇಯರ್ ಹಾಕಿ. ರಸ್ತೆಯ ಎಡ ಅಂಚಿನ ಗುಂಟ ಒಂದು ಗೆರೆ ಎಳೀರಿ, ಬಲ ಅಂಚಿನ ಗುಂಟ ಒಂದು. ಅಂಗಡಿ ಮೇಲಿನ ಸಜ್ಜೆಯ ಗುಂಟ ಒಂದು, ಬೋರ್ಡುಗಳ ಕೆಳ ಅಂಚಿನ ಗುಂಟ ಇನ್ನೊಂದು. ನಾಲ್ಕೂ ಹತ್ತಿರ ಹತ್ತಿರ ಒಂದೇ ಕಡೆ ಕೂಡ್ತಾವೆ. ಕರೆಂಟ್ ತಂತಿ ಹಿಡೀಬ್ಯಾಡ್ರಿ, ಅದು ಜೋತು ಬಿದ್ದಿರ್ತದೆ. ರಸ್ತೆ ತಿರುವಿದ್ದರೆ ಮುಂದಿನ ತುಂಡನ್ನ ಬಿಟ್ಟು, ಸೈಕಲ್ ಇಡೋ ಜಾಗದ ತುಂಡಿನ ಗೆರೆಗಳನ್ನ ಮಾತ್ರ ಹಿಡೀರಿ.

ಹಳೆಯ ಅಂಗಡಿ ಸಾಲುಗಳಲ್ಲಿ ಒಂದು ಸಜ್ಜೆ ಮುಂದೆ, ಒಂದು ಹಿಂದೆ. ಹಾಗಾಗಿ ಒಂದು ಗೆರೆ ಸ್ವಲ್ಪ ಆಚೀಚೆ ಬಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಹೆಚ್ಚು ಗೆರೆ ಕೂಡೋ ಜಾಗ ಹಿಡೀರಿ.

ಸರಿ ಸಿಕ್ಕಿತೋ ಇಲ್ಲೋ ಅಂತ ಗೊತ್ತಾಗೋದು ಹೆಂಗ? ಅದೇ ಫೋಟೋದಲ್ಲಿ ನಿಜವಾಗಿ ಓಡ್ತಿರೋ ಗಾಡಿ ಇದ್ದರೆ ಅದೇ ಸಾಕ್ಷಿ. ನನ್ನ ಫೋಟೋದ ಆಟೋದ ಹೆಡ್‌ಲೈಟ್ ಚುಕ್ಕೆಯಾಗಿ ಬಿದ್ದಿರಲಿಲ್ಲ, ಸಣ್ಣ ಗೆರೆಯಾಗಿ ಬಿದ್ದಿತ್ತು. ಆ ಗೆರೆಯನ್ನ ಹಿಂದಕ್ಕೆ ಉದ್ದ ಮಾಡಿದರೆ ಸೀದಾ ಕೂಡುಬಿಂದುವಿಗೆ ಹೋಯಿತು. ಇದಕ್ಕಿಂತ ಒಳ್ಳೆ ಪುರಾವೆ ಬೇಡ.

ರಸ್ತೆಯ ಗುಂಟ ಬರೋ ಗಾಡಿಯ ಪ್ರತಿಯೊಂದು ಭಾಗವೂ ಆ ಬಿಂದುವಿನಿಂದ ಹೊರಗೆ ಚೆಲ್ಲಿದಂಗ ಸರೀತದೆ. ದೂರ ಹೋಗೋ ಗಾಡಿ ಅದೇ ಗೆರೆಗಳ ಮೇಲೆ ಒಳಗೆ ಸರೀತದೆ. ಹಾಗಾಗಿ ಒಂದೇ ಸೈಕಲ್ಲಿನಲ್ಲೂ ಬ್ಲರ್‌ನ ಓರೆ ಒಂದೇ ಇರಂಗಿಲ್ಲ. ನಾನು ಫೋನನ್ನ ಕಣ್ಣಿನ ಎತ್ತರದಲ್ಲಿ ಹಿಡಿದಿದ್ದೆ, ಕೂಡುಬಿಂದುವೂ ಅದೇ ಎತ್ತರದಲ್ಲಿ ಬಿತ್ತು. ಅಜ್ಜನ ಮಾರಿಯೂ ಸುಮಾರು ಅದೇ ಎತ್ತರ, ಹಾಗಾಗಿ ಅಲ್ಲಿ ಬ್ಲರ್ ಅಡ್ಡಗೆರೆ. ಪೆಡಲ್ ಕೆಳಗಿದೆ, ಅಲ್ಲಿ ಬ್ಲರ್ 38-39 ಡಿಗ್ರಿ ಓರೆಯಾಗಿ ಕೆಳಕ್ಕೆ. ಒಂದೇ ಕೋನದ Motion Blur ಇಡೀ ಸೈಕಲ್ಲಿಗೆ ಹಾಕಿದರೆ ಒಂದೋ ಮಾರಿ ತಪ್ಪುತ್ತದೆ, ಇಲ್ಲಾ ಪೆಡಲ್ ತಪ್ಪುತ್ತದೆ.

ಭಾಗ 6/9

ಇನ್ನು ಉದ್ದ. ಇಲ್ಲೇ ಆಯಿಯ ಎರಡು ಮಾತು ರಾಜಿ ಆಗೋದು.

ಎದುರಿಗೆ ಬರೋ ವಸ್ತು 11 ಸೆಂ.ಮೀ. ಸರಿದರೂ ಅದರ ಬಹುಪಾಲು ನಮ್ಮ ಕಡೆಗೇ ಸರಿಯೋದು, ಫೋಟೋದಲ್ಲಿ ಅದು ಕಾಣಂಗಿಲ್ಲ. ಸ್ವಲ್ಪ ದೊಡ್ಡದಾದಂಗ ಅಷ್ಟೇ. ಲೆಕ್ಕ ಹೀಗೆ:

```
ಬ್ಲರ್ = ಕೂಡುಬಿಂದುವಿನಿಂದ ದೂರ × (ಸರಿದದ್ದು ÷ ಕ್ಯಾಮೆರಾದಿಂದ ದೂರ)
```

ಅಜ್ಜನನ್ನ ನಾನು ನಿಂತ ಜಾಗದಿಂದ 6 ಮೀಟರ್ ದೂರದಲ್ಲಿ ಇಡಬೇಕು ಅಂತ ಮಾಡಿದ್ದೆ. ಆ ಜಾಗವನ್ನ ಟೇಪ್ ಹಿಡಿದು ಅಳೆದು ಬಂದೆ, ಅಂದಾಜು ಮಾಡಲಿಲ್ಲ. 11 ಸೆಂ.ಮೀ.ಯನ್ನ 600 ಸೆಂ.ಮೀ.ಗೆ ಭಾಗಿಸಿದರೆ 0.018. ಮಾರಿ ಕೂಡುಬಿಂದುವಿನಿಂದ ಬಲಕ್ಕೆ 720 ಪಿಕ್ಸೆಲ್ ದೂರ. ಗುಣಿಸಿದರೆ 13 ಪಿಕ್ಸೆಲ್. ಪೆಡಲ್ 925 ಪಿಕ್ಸೆಲ್ ದೂರ, ಅಲ್ಲಿ 17 ಪಿಕ್ಸೆಲ್.

ಅಡ್ಡ ಹೋಗಿದ್ದರೆ 53, ಎದುರಿಗೆ ಬಂದರೆ 13. ಅದೇ ಸೈಕಲ್, ಅದೇ ವೇಗ, ಅದೇ ಬೆಳಕು. 70 ಪಿಕ್ಸೆಲ್ಲಿನ ಮಾರಿಗೆ 13 ಅಂದರೆ ಮಸುಕು, ಆದರೆ ಗುರುತು ಹೋಗಲ್ಲ.

ಇನ್ನೊಂದು ಮಾತು. ಮಾರಿಯ ಮೇಲಿನ ಬ್ಲರ್ ಅಡ್ಡಗೆರೆ ಅಂದೆನಲ್ಲ. ಅಡ್ಡ ಬ್ಲರ್ ಅಡ್ಡ ಇರೋದನ್ನ ಅಳಿಸಂಗಿಲ್ಲ, ಉದ್ದ ಇರೋದನ್ನ ಅಳಿಸ್ತದೆ. ಅಜ್ಜನ ಮೂಗಿನ ಅಂಚು, ಕೆನ್ನೆಯ ಅಂಚು ಕರಗಿದವು. ಆದರೆ ದಪ್ಪ ಮೀಸೆ, ಹುಬ್ಬು, ಹಣೆಯ ಮೇಲಿನ ವಿಭೂತಿಯ ಪಟ್ಟಿ, ಟೋಪಿಯ ಕೆಳ ಅಂಚು ಉಳಿದವು. ಅವರನ್ನ ಬಲ್ಲವರು ಗುರುತು ಹಿಡಿಯೋದೂ ಅವುಗಳಿಂದಲೇ.

ಹತ್ತಿರ ತಂದರೆ ಮಾರಿ ದೊಡ್ಡದಾಗ್ತದಲ್ಲ ಅಂತ ಕೇಳಬಹುದು. ಆಗ್ತದೆ, ಆದರೆ ಬ್ಲರ್ ಅದಕ್ಕಿಂತ ಜೋರಾಗಿ ಬೆಳೀತದೆ. ದೂರ ಅರ್ಧ ಮಾಡಿದರೆ ಮಾರಿ ಎರಡು ಪಟ್ಟು, ಬ್ಲರ್ ನಾಲ್ಕು ಪಟ್ಟು. ಮಾರಿ ಬೇಕು ಅಂದರೆ ಹತ್ತಿರ ತರೋದು ದಾರಿಯಲ್ಲ.

ಭಾಗ 7/9

ಈಗ ಕೈ ಕೆಲಸ. ನಾನು GIMPನಲ್ಲಿ ಮಾಡಿದೆ, ಪುಗಸಟ್ಟೆ ಸಿಗ್ತದೆ, ಕಾಲೇಜ್ ಲ್ಯಾಬಿನ ಹಳೆ ಕಂಪ್ಯೂಟರಲ್ಲೂ ಓಡ್ತದೆ.

ಮೊದಲು ಅಜ್ಜನನ್ನ ಕತ್ತರಿಸಿ ಬೇರೆ ಲೇಯರ್ ಮಾಡಿ, ಅಳತೆ ಹೊಂದಿಸಿ. ಕಣ್ಣಿನ ಎತ್ತರದಿಂದ ತೆಗೆದ ಫೋಟೋದಲ್ಲಿ ಅಷ್ಟೇ ಎತ್ತರ ಇರೋ ಎಲ್ಲರ ತಲೆಯೂ ಕೂಡುಬಿಂದುವಿನ ಅಡ್ಡಗೆರೆಗೆ ತಾಗ್ತದೆ, ಹತ್ತಿರ ಇರಲಿ ದೂರ ಇರಲಿ. ಅದರಿಂದ ಎತ್ತರ ಸರಿಮಾಡಿ.

ಆಮೇಲೆ Layer ಮೆನುವಿನಲ್ಲಿ Layer to Image Size ಒತ್ತಿ. ಇದನ್ನ ಬಿಟ್ಟರೆ ಬ್ಲರ್ ಹರಡೋಕೆ ಜಾಗ ಇಲ್ಲದೆ ಲೇಯರಿನ ಅಂಚಿಗೆ ಬಡಿದು ನಿಲ್ತದೆ. Lock alpha ಆಫ್ ಇರಲಿ, ಯಾವ ಸೆಲೆಕ್ಷನ್ನೂ ಇರಬಾರದು. ಇಲ್ಲಾಂದರೆ ಒಳಗೆ ಮಸುಕು, ಸುತ್ತ ಕತ್ತರಿ ಗೆರೆ ಚೂಪು. ಅದೇ ನಾವು ಬೈಯೋ "ಸ್ಟಿಕರ್".

ಈಗ:

```
Filters > Blur > Zoom Motion Blur
Center X, Center Y : ಕೂಡುಬಿಂದು
Blurring factor    : 0.018
```

ಆ 0.018 ಎಲ್ಲಿಂದ ಬಂತು ಅಂತ ಹಿಂದಿನ ಭಾಗ ನೋಡ್ರಿ. ಸರಿದದ್ದು ಭಾಗಿಸು ದೂರ, ಅದೇ. ಹಾಕಿದ ಮೇಲೆ ಜೂಮ್ ಮಾಡಿ, ಕ್ಯಾನಿನ ಮೇಲಿನ ಹೊಳಪಿನ ಚುಕ್ಕೆ ಎಷ್ಟು ಪಿಕ್ಸೆಲ್ ಉದ್ದ ಆಗಿದೆ ಅಂತ Measure ಟೂಲಿನಿಂದ ಅಳೀರಿ. 13ರಿಂದ 17ರ ಹತ್ತಿರ ಇದ್ದರೆ ಸರಿ. ಇಡೀ ಸೈಕಲ್ ನಾಲ್ಕಾರು ಪಿಕ್ಸೆಲ್ ಜರುಗಿದಂಗ ಕಂಡರೆ Move ಟೂಲಿನಿಂದ ಹಿಂದಕ್ಕೆ ತನ್ನಿ.

ಫೋಟೋಶಾಪ್ ಇರೋರು Filter > Blur Gallery > Path Blur ತಗೊಳ್ರಿ. ಕೂಡುಬಿಂದುವಿನ ಕಡೆ ಗುರಿ ಇಟ್ಟು ಮಾರಿಯ ಮೇಲೆ ಒಂದು ಚಿಕ್ಕ ಗೆರೆ, ಪೆಡಲ್ ಮೇಲೆ ಒಂದು ಚಿಕ್ಕ ಗೆರೆ. ನಡುವಿನದನ್ನ ಅದೇ ಹೊಂದಿಸ್ತದೆ. Centered Blur ಟಿಕ್ ಇರಲಿ, Taper ಸೊನ್ನೆ. Taper ಏರಿಸಿದರೆ ಆ ಕಾಮಿಕ್ ಬಾಲ ಬರ್ತದೆ.

ಭಾಗ 8/9

ಗಾಲಿಗೆ ಬೇರೆಯೇ ನ್ಯಾಯ. ಉರುಳೋ ಗಾಲಿಯಲ್ಲಿ ನೆಲ ಮುಟ್ಟಿದ ಬಿಂದು ಆ ಕ್ಷಣಕ್ಕೆ ನಿಂತೇ ಇರ್ತದೆ. ನಡುವಿನ ಹಬ್ ಸೈಕಲ್ಲಿನ ವೇಗದಲ್ಲಿ ಹೋಗ್ತದೆ. ಮೇಲಿನ ತುದಿ ಅದರ ಎರಡರಷ್ಟು. ಸೈಕಲ್ 11 ಸೆಂ.ಮೀ. ಹೋದರೆ ಗಾಲಿಯ ತಲೆ 22 ಸೆಂ.ಮೀ., ಬುಡ ಹೆಚ್ಚು ಕಡಿಮೆ ಸೊನ್ನೆ. ಯಾವುದೇ ನಿಜವಾದ ಫೋಟೋ ನೋಡ್ರಿ, ಮೇಲಿನ ಕಡ್ಡಿ ಮಾಯ, ಕೆಳಗಿನ ಕಡ್ಡಿ ಕಾಣ್ತಾವೆ.

11 ಸೆಂ.ಮೀ. ಉರುಳಿದರೆ ಆ ಗಾಲಿ ತಿರುಗೋದು ಸುಮಾರು 18 ಡಿಗ್ರಿ. ಹಳೆಯ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಮುಂದೆ 32, ಹಿಂದೆ 40 ಕಡ್ಡಿ. 32 ಕಡ್ಡಿ ಅಂದರೆ ಒಂದಕ್ಕೂ ಇನ್ನೊಂದಕ್ಕೂ ಸುಮಾರು 11 ಡಿಗ್ರಿ. 18 ಡಿಗ್ರಿ ತಿರುಗಿದಾಗ ಒಂದರ ಜಾಗ ಇನ್ನೊಂದು ದಾಟಿ ಹೋಗಿರ್ತದೆ, ಕಡ್ಡಿಗಳು ಸೇರಿ ಮಂಜಿನಂಗ ಆಗ್ತಾವೆ. ಇದಕ್ಕೆ GIMPನ Circular Motion Blur, ಕೇಂದ್ರ ಹಬ್ ಮೇಲೆ, Angle 18. ಇದನ್ನ Zoom ಬ್ಲರ್‌ಗಿಂತ ಮೊದಲು ಮಾಡಬೇಕು. ಎದುರಿಂದ ಕಾಣೋ ಗಾಲಿ ದುಂಡಗಿರಂಗಿಲ್ಲ, ಕಿರಿದಾಗಿರ್ತದೆ. ಅದನ್ನ ಮೊದಲು ಹಿಗ್ಗಿಸಿ ದುಂಡಗೆ ಮಾಡಿ, ಬ್ಲರ್ ಹಾಕಿ, ಮತ್ತೆ ಮೊದಲಿನಂಗ ಕುಗ್ಗಿಸಿ.

ಈಗ ಒಂದು ತೊಡಕು. ನಿಜದಲ್ಲಿ ಬುಡದ ಹತ್ತಿರ ಗಾಲಿ ತಿರುಗೋದು ಹಿಂದಕ್ಕೆ, ಸೈಕಲ್ ಹೋಗೋದು ಮುಂದಕ್ಕೆ, ಎರಡೂ ಕಳೆದು ಸೊನ್ನೆ ಆಗ್ತದೆ. ಆದರೆ ನಾವು ಎರಡು ಬ್ಲರ್ ಒಂದರ ಮೇಲೊಂದು ಹಾಕಿದಾಗ ಕಂಪ್ಯೂಟರ್‌ಗೆ ಕಳೆಯಬೇಕು ಅಂತ ಗೊತ್ತಾಗಂಗಿಲ್ಲ, ಕೂಡಿಸಿಬಿಡ್ತದೆ. ಬುಡವೂ ಮಸುಕಾಗಿ ಸೈಕಲ್ ನೆಲ ಬಿಟ್ಟು ತೇಲಿದಂಗ ಕಾಣ್ತದೆ. ಅದಕ್ಕೆ ಬ್ಲರ್ ಇಲ್ಲದ ಲೇಯರಿನ ಒಂದು ನಕಲು ಮೊದಲೇ ಇಟ್ಟುಕೊಂಡು, ಮಾಸ್ಕ್ ಹಾಕಿ, ಮೆತ್ತನೆ ಬ್ರಷ್‌ನಿಂದ ಟೈರಿನ ಬುಡವನ್ನ ಮಾತ್ರ ವಾಪಸ್ ತನ್ನಿ. ಗಾಲಿಯ ಕಾಲು ಭಾಗ ಸಾಕು, ಮೇಲಕ್ಕೆ ಹೋದಂಗ ಕರಗಲಿ.

ನೆರಳು ಮರೀಬ್ಯಾಡ್ರಿ. ಹೊತ್ತು ಮೂಡೋ ಮುಂಚೆ ಚೂಪು ನೆರಳು ಇರಂಗಿಲ್ಲ, ಸೈಕಲ್ ಕೆಳಗೆ ಬರೀ ಕಪ್ಪು ಮಸುಕು. ಅದನ್ನ ಬೇರೆ ಲೇಯರಲ್ಲಿ ಮಾಡಿ, ಅದಕ್ಕೂ ಅದೇ ಕೂಡುಬಿಂದುವಿನ ಬ್ಲರ್.

ಕೊನೆಗೆ ಕಾಳು. ಮಂದ ಬೆಳಕಿನ ಫೋಟೋದಲ್ಲಿ ಎಲ್ಲಾ ಕಡೆ ರವೆಯಂಥ ಕಾಳು ಇರ್ತದೆ. ಬ್ಲರ್ ಹಾಕಿದಾಗ ಅಜ್ಜನ ಮೇಲಿನದೆಲ್ಲ ಒರೆಸಿ ಹೋಗಿ, ಅವರು ಮಾತ್ರ ಪ್ಲಾಸ್ಟಿಕ್ಕಿನಂಗ ನುಣುಪಾಗ್ತಾರೆ. ಬ್ಲರ್ ಮುಗಿದ ಮೇಲೆ Noise ಫಿಲ್ಟರಿನಿಂದ ಪಕ್ಕದ ಗೋಡೆಯಷ್ಟೇ ಕಾಳು ವಾಪಸ್ ಹಾಕಿ. ಬ್ಲರ್‌ಗಿಂತ ಮೊದಲು ಹಾಕಿದರೆ ಕಾಳೂ ಗೆರೆ ಆಗ್ತದೆ, ಅದು ಇನ್ನೂ ಕೆಟ್ಟದು.

ಭಾಗ 9/9

ಪ್ರಿಂಟ್ ಹಾಕಿಸಿ ಕೊಟ್ಟೆ. ಆಯಿ ಬಹಳ ಹೊತ್ತು ನೋಡಿದರು. "ಕ್ಯಾನ್ ಖಾಲಿ ಅದಾವು" ಅಂದರು. ನನಗೆ ಅರ್ಥ ಆಗಲಿಲ್ಲ. "ತುಂಬಿದ್ರ ಹಿಂಗ ಮೈ ಸಡ್ಲ ಬಿಟ್ಟ ತುಳೀತಿರಲಿಲ್ಲ. ಇದು ಮನಿಗೆ ಬರೂದ." ಹೊಲದ ಫೋಟೋದಲ್ಲೂ ಅವರು ಮನೆ ಕಡೆಗೇ ಬರ್ತಿದ್ದರಂತೆ. ಮೈ ಹೇಳೋ ದಿಕ್ಕಿಗೂ ಬೀದಿ ಹೇಳೋ ದಿಕ್ಕಿಗೂ ತಾಳೆ ಬಿದ್ದಿತ್ತು. ಇದನ್ನ ಯಾವ ಫಿಲ್ಟರೂ ಕೊಡೋದಿಲ್ಲ, ಫೋಟೋ ಆರಿಸುವಾಗಲೇ ನೋಡಬೇಕು.

ಈ ದಾರಿ ಎಲ್ಲ ಕಡೆ ನಡೆಯೋದಿಲ್ಲ. ತಿರುವಿನಲ್ಲಿ ಹೊರಳೋ ಗಾಡಿಗೆ ಬ್ಲರ್ ಬಾಗಿರಬೇಕು, ಒಂದು ಕೂಡುಬಿಂದು ಸಾಲದು. ನೈಟ್ ಮೋಡ್ ಫೋಟೋವನ್ನ ಫೋನ್ ಹಲವು ಫೋಟೋ ಸೇರಿಸಿ ಮಾಡಿರ್ತದೆ, ಅಲ್ಲಿ ಶಟರ್ ಹೊತ್ತು ಅಂತ ತೋರಿಸೋ ಅಂಕಿಯನ್ನ ಹಿಡಿದು ಲೆಕ್ಕ ಮಾಡಬ್ಯಾಡ್ರಿ, ಆ ಬೀದಿಯಲ್ಲೇ ಓಡ್ತಿರೋ ಬೇರೆ ಗಾಡಿಯ ಬ್ಲರ್ ಅಳೀರಿ. ಪಕ್ಕದಿಂದ ತೆಗೆದ ಸೈಕಲ್ ಫೋಟೋವನ್ನ ಎದುರಿಗೆ ಬರೋ ಹಂಗ ಮಾಡೋಕೆ ಯಾವ ಬ್ಲರ್‌ನಿಂದಲೂ ಆಗಲ್ಲ. ಅಂಥ ಫೋಟೋ ಒಂದೇ ಇದ್ದರೆ, ರಸ್ತೆಯನ್ನ ಅಡ್ಡಲಾಗಿ ನೋಡ್ತಾ ಬೆಳಕು ಹೆಚ್ಚಿರೋ ಹೊತ್ತಿನಲ್ಲಿ ಹೊಸ ಬೀದಿ ಫೋಟೋ ತೆಗೀರಿ. 1/250 ಸೆಕೆಂಡ್ ಸಿಕ್ಕರೆ ಸೈಕಲ್ ಸರಿಯೋದು ಬರೀ 1.3 ಸೆಂ.ಮೀ., ಆಗಲೂ ಮಾರಿ ಉಳೀತದೆ.

ಇನ್ನೊಂದು, ಇದು ತಮಾಷೆಯಲ್ಲ. ಆ ಪ್ರಿಂಟಿನ ಹಿಂದೆ "ಎರಡು ಫೋಟೋ ಸೇರಿಸಿ ಮಾಡಿದ್ದು" ಅಂತ ಬರೆದು ಕೊಟ್ಟಿದ್ದೇನೆ. ಇವತ್ತು ಮನೆಯವರಿಗೆ ಗೊತ್ತು, ಮೊಮ್ಮಕ್ಕಳ ಕಾಲಕ್ಕೆ ಗೊತ್ತಿರಂಗಿಲ್ಲ. ಅಪಘಾತ, ಗಲಾಟೆ, ಸುದ್ದಿ ಅಂತ ಹಂಚೋ ಫೋಟೋಗೆ ಮಾತ್ರ ಈ ಕೆಲಸ ಮಾಡಲೇಬೇಡಿ. ಒಂದು ಬೈಕನ್ನ ರಸ್ತೆಯ ಈ ಪಕ್ಕದಿಂದ ಆ ಪಕ್ಕಕ್ಕೆ ಇಟ್ಟು ಸರಿಯಾಗಿ ಬ್ಲರ್ ಹಾಕಿದರೆ ಸಾಕು, ತನ್ನ ಪಾಡಿಗೆ ಹೊರಟವ ರಾಂಗ್ ಸೈಡ್ ಬಂದವ ಆಗ್ತಾನೆ. ಅಂಥ ಫೋಟೋ ನಿಮ್ಮ ಗ್ರೂಪಿಗೆ ಬಂದರೆ ಪರೀಕ್ಷೆ ಮಾಡೋದೂ ಇದೇ ಲೆಕ್ಕದಿಂದ: ಕೂಡುಬಿಂದು ಹುಡುಕಿ, ಪ್ರತಿ ಗಾಡಿಯ ಬ್ಲರ್ ಗೆರೆ ಹಿಂದಕ್ಕೆ ಎಳೀರಿ. ರಸ್ತೆ ಗುಂಟ ಹೋಗ್ತಿರೋ ಗಾಡಿಗಳಲ್ಲಿ ಒಂದರ ಗೆರೆ ಮಾತ್ರ ಬೇರೆ ಕಡೆ ಹೋದರೆ ಅದನ್ನ ಅನುಮಾನದಿಂದ ನೋಡ್ರಿ.

ನಾಳೆ ಮುಂಜಾನೆ ಆರಕ್ಕೆ ನಿಮ್ಮ ಊರಿನ ಒಂದು ನೇರ ಬೀದಿಯಲ್ಲಿ ನಿಂತು, ಓಡ್ತಿರೋ ಗಾಡಿ ಇರೋ ಹಂಗ ಒಂದೇ ಫೋಟೋ ತೆಗೀರಿ. ಅಂಚಿನ ಗೆರೆ ಎಳೀರಿ, ಬ್ಲರ್ ಗೆರೆ ಎಳೀರಿ. ಎರಡೂ ಎಲ್ಲಿ ಕೂಡಿದವು ಅಂತ ಕಾಮೆಂಟಿನಲ್ಲಿ ಹಾಕ್ರಿ. ಮುಂದಿನ ಸರಣಿ ಮಳೆ ನೀರಿನಲ್ಲಿ ಬೀಳೋ ಪ್ರತಿಬಿಂಬದ ಬಗ್ಗೆ.

#ಕೊಪ್ಪಳ #ಗಂಗಾವತಿ #ಕುಷ್ಟಗಿ #ಯಲಬುರ್ಗಾ #ಫೋಟೋಎಡಿಟಿಂಗ್ #ಬೀದಿಫೋಟೋ